ಮುದುಡಿದ ಬಿಲ್ಲಿನ ಫೋಟೊದಿಂದ ಲೆಕ್ಕದ ಶೀಟಿಗೆ: ಮೂರು ದಾರಿ ನೋಡಿದೆ, ಒಂದನ್ನು ಉಳಿಸಿಕೊಂಡೆ

ಮೊದಲೇ ಹೇಳಿಬಿಡುತ್ತೇನೆ, ನಾನು ಉಳಿಸಿಕೊಂಡಿದ್ದು ಚಿತ್ರ ಓದುವ ಎಐ ಮಾಡೆಲ್. ಬಿಲ್ಲು ಎಷ್ಟೇ ಮುದುಡಿದ್ದರೂ ಯಾವ ಬೆಲೆ ಯಾವ ಸಾಮಾನಿಗೆ ಸೇರಿದ್ದು ಅಂತ ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಇಡೀ ಬಿಲ್ಲನ್ನು ಒಂದೇ ಫೋಟೊದಲ್ಲಿ ಅದಕ್ಕೆ ಕೊಡಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇದಕ್ಕೂ ಮೊದಲು ಒಂದು ಬಿಲ್ ಸ್ಕ್ಯಾನ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ. ಅಂಗಡಿ ಹೆಸರು, ತಾರೀಖು, ಒಟ್ಟು ಮೊತ್ತ ಇವನ್ನು ಸರಿಯಾಗಿ ತೆಗೆಯುತ್ತದೆ. ಒಂದೊಂದು ಸಾಲೂ ಬೇಕು ಅಂದರೆ ತೆರಿಗೆಯನ್ನೂ ಒಂದು ಸಾಮಾನು ಅಂತ ಸೇರಿಸಿಬಿಡುತ್ತದೆ. ನನ್ನ ಕೆಲಸಕ್ಕೆ ಅದು ಆಗಲಿಲ್ಲ.

ಎರಡನೆಯದು ಟೆಸೆರಾಕ್ಟ್, ಚಿತ್ರದಲ್ಲಿರುವ ಅಕ್ಷರ ಓದಿ ಪಠ್ಯವಾಗಿ ಕೊಡುವ ಪ್ರೋಗ್ರಾಂ. ಪುಕ್ಕಟೆ, ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಇಂಟರ್ನೆಟ್ ಬೇಡ. ನಾನು ಹೀಗೆ ಓಡಿಸುತ್ತಿದ್ದೆ:

```
tesseract bill.png bill --psm 6 tsv
```

ಪ್ರತಿ ಪದದ ಜೊತೆ ಅದು ಎಲ್ಲಿತ್ತು, ಓದಿದ್ದರ ಮೇಲೆ ಎಷ್ಟು ಭರವಸೆ ಅನ್ನೋದೂ ಬರುತ್ತದೆ. `conf` ಕಾಲಂನಲ್ಲಿ ಅಂಕಿ ಕಡಿಮೆ ಇದ್ದರೆ ಆ ಪದವನ್ನು ಕಾಗದದ ಮೇಲೆ ಮತ್ತೆ ನೋಡಬೇಕು. ಈ ಗುಣ ನನಗೆ ಬಹಳ ಇಷ್ಟ. ತೊಂದರೆ ಇರುವುದು ಸಾಲು ಜಾರುವುದರಲ್ಲಿ. ಕಾಗದ ಬಲಗಡೆ ಸ್ವಲ್ಪ ಮೇಲಕ್ಕೆ ಬಾಗಿದ್ದರೂ ಸಾಕು, ಮೊತ್ತಗಳು ಒಂದು ಸಾಲು ಮೇಲಕ್ಕೆ ಹೋಗಿ ಕೂರುತ್ತವೆ. ಸೋಪಿನ 112 ನೋಟ್‌ಬುಕ್ಕಿನ ಎದುರು, ನೋಟ್‌ಬುಕ್ಕಿನ 135 ಅದರ ಮೇಲಿನ ಸಾಲಿಗೆ. ಅಂಕಿಗಳೆಲ್ಲ ಸರಿಯಾಗೇ ಇರುವುದರಿಂದ ಕೂಡಿದರೆ ಮೊತ್ತ ತಾಳೆಯಾಗುತ್ತದೆ, `conf` ಕೂಡ ಚೆನ್ನಾಗೇ ಇರುತ್ತದೆ. ಪ್ರತಿ ಸಾಲಿನಲ್ಲೂ ಸಂಖ್ಯೆಯನ್ನು ದರಕ್ಕೆ ಗುಣಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬಿಲ್ಲನ್ನು ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಟ್ಟರೆ ಇದು ಕಡಿಮೆಯಾಗುತ್ತದೆ. ಇಸ್ತ್ರಿ ಮಾತ್ರ ಬೇಡ. ಥರ್ಮಲ್ ಕಾಗದ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ.

ಎಐ ಮಾಡೆಲ್ಲಿನಲ್ಲಿ ಸಾಲು ಜಾರುವುದು ಅಪರೂಪ. ಅದರ ತೊಂದರೆಯೇ ಬೇರೆ, ಮತ್ತೆ ಜಾಸ್ತಿ ಅಪಾಯದ್ದು. ಟೆಸೆರಾಕ್ಟ್‌ಗೆ ಮಡಿಕೆಯಲ್ಲಿ ಏನೋ ಕಾಣದಿದ್ದರೆ ಅರ್ಥವಿಲ್ಲದ ಅಕ್ಷರ ಬರುತ್ತದೆ, ನೋಡಿದ ಕೂಡಲೇ ತಪ್ಪು ಅಂತ ಗೊತ್ತಾಗುತ್ತದೆ. ಮಾಡೆಲ್ ಅಲ್ಲಿ ನಂಬುವಂಥ ಒಂದು ಅಂಕಿ ಬರೆದುಬಿಡುತ್ತದೆ.

ಒಂದು ಬಿಲ್ಲಿನಲ್ಲಿ ಹೀಗೇ ಆಯಿತು. ನೋಟ್‌ಬುಕ್ 3, ದರ 45, ಮೊತ್ತ 135. ಸೋಪು 4, ದರ 28, ಮೊತ್ತ 112. ಇವೆರಡೂ ಸ್ಪಷ್ಟ. ಅವುಗಳ ಮೇಲೆ ಬ್ಯಾಟರಿ 2 ಅಂತಿತ್ತು, ಅದರ ದರ ಮತ್ತು ಮೊತ್ತದ ಮೇಲೆ ಮಡಿಕೆ. ಕೆಳಗೆ ಉಪಮೊತ್ತ 435. ಟೇಬಲ್ಲಿನಲ್ಲಿ ಬ್ಯಾಟರಿ ದರ 94, ಮೊತ್ತ 188 ಅಂತ ಬಂತು. ಗುಣಿಸಿದರೂ ಸರಿ, ಕೂಡಿದರೂ ಸರಿ. ಆದರೆ ಮಡಿಕೆ ಬಿಡಿಸಿ ನೋಡಿದರೆ ದರ 89, ಮೊತ್ತ 178 ಇತ್ತು. ಉಳಿದ 10 ಒಂದು ಚೀಲದ್ದು. ಆ ಸಾಲು ಮಡಿಕೆಯೊಳಗೇ ಮಾಸಿಹೋಗಿತ್ತು. ಉಪಮೊತ್ತಕ್ಕೆ ಹೊಂದುವ ಅಂಕಿ ಬಂದಿತ್ತೇ ಹೊರತು ಕಾಗದದ ಮೇಲಿದ್ದ ಅಂಕಿ ಅಲ್ಲ.

‘ಕಾಣದಿದ್ದರೆ ಖಾಲಿ ಬಿಡು, ಲೆಕ್ಕ ಮಾಡಬೇಡ’ ಅಂತ ಸೂಚನೆಯಲ್ಲಿ ಸೇರಿಸಿದರೆ ಸ್ವಲ್ಪ ಉಪಯೋಗವಿದೆ, ಪೂರ್ತಿ ನಂಬುವಷ್ಟಿಲ್ಲ. ನಿಜವಾಗಿ ಕೆಲಸ ಮಾಡಿದ್ದು ಫೋಟೊವನ್ನು ಎರಡು ತುಂಡು ಮಾಡಿದ್ದು. ಸಾಮಾನಿನ ಸಾಲುಗಳು ಮಾತ್ರ ಇರುವ ತುಂಡನ್ನು ಒಮ್ಮೆ ಕೊಡಬೇಕು. ಉಪಮೊತ್ತ, ತೆರಿಗೆ, ಒಟ್ಟು ಇರುವ ತುಂಡನ್ನು ಬೇರೆಯಾಗಿ, ಹೊಸದಾಗಿ ಶುರು ಮಾಡಿ ಕೊಡಬೇಕು. ಉಪಮೊತ್ತವೇ ಎದುರಿಗಿಲ್ಲದಿದ್ದರೆ ಅದಕ್ಕೆ ಹೊಂದಿಸುವುದು ಹೇಗೆ? ಅದೇ ಬಿಲ್ಲನ್ನು ಹೀಗೆ ಕೊಟ್ಟಾಗ ಬ್ಯಾಟರಿಯ ಮೊತ್ತ ಖಾಲಿ ಬಂತು. ಮಿಕ್ಕ ಸಾಲುಗಳನ್ನು ಕೂಡಿದರೆ 247, ಉಪಮೊತ್ತ 435. ಮಡಿಕೆಯಲ್ಲಿ 188 ಹುಡುಕಬೇಕು ಅಂತ ಗೊತ್ತಾಯಿತು.

ಶೀಟಿನಲ್ಲಿ B ಸಂಖ್ಯೆ, C ದರ, D ಮೊತ್ತ. ಸಾಮಾನು 2ರಿಂದ 5ನೇ ಸಾಲಿನವರೆಗೆ, 6ರಲ್ಲಿ ಉಪಮೊತ್ತ. ಎರಡೂ ಸೂತ್ರಕ್ಕೆ ಸೊನ್ನೆ ಬರಬೇಕು:

```
=ROUND(B2*C2-D2,2)
=ROUND(SUM(D2:D5)-D6,2)
```

ಮೊದಲನೆಯದನ್ನು ಎಲ್ಲ ಸಾಲಿಗೂ ಎಳೆಯಿರಿ. ಸಾಲಿನಲ್ಲೇ ರಿಯಾಯಿತಿ ಕಳೆದಿದ್ದರೆ ಸೊನ್ನೆ ಬರುವುದಿಲ್ಲ, ಅಂಥದ್ದನ್ನು ಕಣ್ಣಿಂದಲೇ ನೋಡಬೇಕು.

ತೆರಿಗೆಯ ವಿಷಯದಲ್ಲಿ ಮೂರೂ ದಾರಿ ಒಂದೇ. ಅದು ಬೆಲೆಯ ಒಳಗಿದೆಯೋ ಹೊರಗಿದೆಯೋ ಅಂತ ನಾವೇ ನೋಡಬೇಕು. ತೆರಿಗೆ ಶೇ 5 ಅಂತಿಟ್ಟುಕೊಳ್ಳಿ. ಹೊರಗಿದ್ದರೆ 435ರ ಮೇಲೆ 21.75 ಸೇರಿ 456.75. ಬಿಲ್ಲಿನಲ್ಲಿ 457 ಇದ್ದರೆ ಆ 0.25 ರೌಂಡ್ ಆಫ್, ಅದಕ್ಕೂ ಒಂದು ಸಾಲು ಬೇಕು. ಒಳಗಿದ್ದರೆ ಒಟ್ಟು 435 ಆಗೇ ಉಳಿಯುತ್ತದೆ, ತೆರಿಗೆ 20.71 ಅಂತ ಕಾಣುತ್ತದೆ. ಅದನ್ನು ಮತ್ತೆ ಕೂಡಬಾರದು.

ನನ್ನ ಹತ್ತಿರ ತಿಂಗಳ ಕೊನೆಗೆ ಇರುವುದು ಜೇಬಿನಲ್ಲಿ ಮುದುಡಿದ ಕೆಲವೇ ಬಿಲ್ಲು. ಅಷ್ಟಕ್ಕೆ ಫೋಟೊ ಕತ್ತರಿಸುವುದು ಕಷ್ಟವಲ್ಲ, ಚಂದಾ ಇಲ್ಲದ ಬಳಕೆಯೇ ಸಾಕಾಗುತ್ತದೆ. ರಾಶಿ ಬಿಲ್ಲುಗಳನ್ನು ಸ್ಕ್ಯಾನರಿನಲ್ಲಿ ಚಪ್ಪಟೆಯಾಗಿ ಹಾಕುವವರಿಗೆ, ಬಿಲ್ಲು ತಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗಬಾರದು ಅನ್ನುವವರಿಗೆ ಟೆಸೆರಾಕ್ಟೇ ಸರಿ. ಆ್ಯಪ್‌ನ ಚಂದಾ ನಾನು ಮುಂದುವರಿಸಲಿಲ್ಲ.