ಗ್ರೂಪ್ ಫೋಟೋಗೆ ತೀರಿಹೋದವರನ್ನು ಸೇರಿಸುವ ಮುಂಚೆ ನಾಯ್ಸ್ ಬಗ್ಗೆ ಕೇಳಿ

ತೀರಿಹೋದ ಅಪ್ಪನನ್ನೋ ಅಜ್ಜಿಯನ್ನೋ ಮದುವೆಯ ಗ್ರೂಪ್ ಫೋಟೋಗೆ ಸೇರಿಸಿ ದೊಡ್ಡ ಫ್ರೇಮ್ ಹಾಕಿಸಬೇಕು ಅಂತಿದ್ದೀರಾ? ವಾಟ್ಸಾಪ್‌ನಲ್ಲಿ ಬಂದ ಸ್ಯಾಂಪಲ್ ನೋಡಿ ದಯವಿಟ್ಟು ಓಕೆ ಹೇಳಬೇಡಿ. ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ. ದುಡ್ಡು ಹೋಗಿದ್ದಕ್ಕಿಂತ, ಪ್ರಿಂಟ್ ನೋಡಿದ ಅಮ್ಮನ ಮುಖ ಸಪ್ಪಗಾಗಿದ್ದು ನನಗೆ ಹೆಚ್ಚು ನೋವು ಕೊಟ್ಟಿತು.

ತಂಗಿಯ ಆರತಕ್ಷತೆಯ ಫೋಟೋ ಅದು. ಸಂಜೆ, ಕಲ್ಯಾಣ ಮಂಟಪದ ಒಳಗೆ, ಬೆಳಕು ಸಾಲದೆ ಕ್ಯಾಮೆರಾದ ಸಂವೇದನೆ ಏರಿಸಿ ಐಎಸ್‌ಒ 3200ರಲ್ಲಿ ತೆಗೆದದ್ದು. ಅಳತೆ 6000×4000 ಪಿಕ್ಸೆಲ್. ಅಪ್ಪನ ಚಿತ್ರ ಮಾತ್ರ ಮೊಬೈಲ್‌ನದು, ಹಗಲು ಬೆಳಕಿನಲ್ಲಿ ಮನೆ ಮುಂದೆ ತೆಗೆದದ್ದು. ಕೆಲಸ ಒಪ್ಪಿಕೊಂಡವರು ಅಪ್ಪನನ್ನು ಕತ್ತರಿಸಿ ಅಮ್ಮನ ಪಕ್ಕ ನಿಲ್ಲಿಸಿದರು. ಬಣ್ಣ, ನೆರಳು, ಎತ್ತರ ಎಲ್ಲ ಸರಿಯಾಗಿಯೇ ಇತ್ತು. ಮೊಬೈಲ್‌ನಲ್ಲಿ ನೋಡಿ ಮನೆಯವರೆಲ್ಲ ಮೆಚ್ಚಿದರು. 20×30 ಇಂಚಿನ ಪ್ರಿಂಟ್ ಬಂದ ಮೇಲೆ ಅಮ್ಮ, "ಇವರೊಬ್ಬರನ್ನೇ ಅಂಟಿಸಿದ ಹಾಗಿದೆಯಲ್ಲೋ" ಅಂದರು. ಅಮ್ಮನಿಗೆ ನಾಯ್ಸ್ ಅಂದರೇನು ಅಂತ ಗೊತ್ತಿಲ್ಲ. ಆದರೂ ಕಣ್ಣು ಹಿಡಿದುಬಿಟ್ಟಿತು.

ಕಾರಣ ಇಷ್ಟು. ಕತ್ತಲಲ್ಲಿ ತೆಗೆದ ಫೋಟೋದ ಎಲ್ಲ ಕಡೆ ಸಣ್ಣ ಸಣ್ಣ ಚುಕ್ಕೆಗಳ ಕದಲಿಕೆ ಇರುತ್ತದೆ. ಅದೇ ನಾಯ್ಸ್. ಅಮ್ಮನ ಸೀರೆ, ಹಿಂದಿನ ಪರದೆ, ಅಳಿಯನ ಕೋಟು, ಎಲ್ಲದರಲ್ಲೂ ಅದು ಇತ್ತು. ಅಪ್ಪನ ಚಿತ್ರದಲ್ಲಿ ಇರಲಿಲ್ಲ. ಮೊಬೈಲ್ ತಾನೇ ನಾಯ್ಸ್ ಒರೆಸಿ ಚಿತ್ರ ಉಳಿಸುತ್ತದೆ. ಅದರ ಮೇಲೆ ಅಪ್ಪನನ್ನು ಶೇಕಡ 40ಕ್ಕೆ ಕುಗ್ಗಿಸಿ ಕೂರಿಸಿದ್ದರು. ಹಾಗೆ ಕುಗ್ಗಿಸಿದಾಗ ಸುಮಾರು ಆರು ಪಿಕ್ಸೆಲ್‌ಗಳ ಸರಾಸರಿ ಸೇರಿ ಒಂದು ಪಿಕ್ಸೆಲ್ ಆಗುತ್ತದೆ. ಉಳಿದಿದ್ದ ಅಲ್ಪಸ್ವಲ್ಪ ಚುಕ್ಕೆಯೂ ಅಲ್ಲೇ ಅಳಿದುಹೋಯಿತು. ವಾಟ್ಸಾಪ್‌ನಲ್ಲಿ ಇದು ಗೊತ್ತಾಗದೆ ಇದ್ದದ್ದೂ ಇದೇ ಕಾರಣಕ್ಕೆ. 6000 ಪಿಕ್ಸೆಲ್ ಅಗಲದ ಚಿತ್ರ ಸಾವಿರ ಚಿಲ್ಲರೆ ಪಿಕ್ಸೆಲ್‌ನ ಪರದೆಗೆ ಇಳಿದಾಗ ಎಲ್ಲರ ನಾಯ್ಸೂ ಅಳಿಯುತ್ತದೆ, ಎಲ್ಲರೂ ಒಂದೇ ಥರ ನುಣ್ಣಗೆ ಕಾಣುತ್ತಾರೆ. 30 ಇಂಚಿನ ಪ್ರಿಂಟ್‌ನಲ್ಲಿ ಇಂಚಿಗೆ 200 ಪಿಕ್ಸೆಲ್. ಅಲ್ಲಿ ಬಚ್ಚಿಡಲು ಆಗುವುದಿಲ್ಲ.

ದೂರು ಹೇಳಿದಾಗ ಅವರು ಎರಡನೇ ಪ್ರತಿ ಕಳಿಸಿದರು. ಅದು ಇನ್ನೂ ಕೆಟ್ಟದಾಗಿತ್ತು. ಅಪ್ಪನ ಮೇಲೆ ಸುಮ್ನೆ ಫೋಟೋಶಾಪ್‌ನ Add Noise ಫಿಲ್ಟರ್ ಹಾಕಿ, ಚುಕ್ಕೆಗಳಿಗೆ ಬಣ್ಣ ಬರದ ಹಾಗೆ Monochromatic ಟಿಕ್ ಮಾಡಿ ಬಿಟ್ಟಿದ್ದರು. ಬಿಳಿ ಅಂಗಿಯ ಮೇಲೆ ಮರಳು ಎರಚಿದ ಹಾಗೆ ಚುಕ್ಕೆಗಳು. ಜಾಸ್ತಿ ಕೇಳಿದ್ದಕ್ಕೆ "ಸರ್, ಮೊಬೈಲಲ್ಲಿ ನೋಡಿ ನೀವೇ ಓಕೆ ಅಂದಿದ್ರಲ್ಲ" ಅಂದರು. ಹಠ ಹಿಡಿದು ಲೇಯರ್ ಇರುವ ಪಿಎಸ್‌ಡಿ ಫೈಲ್ ಇಸಕೊಂಡು ಬಂದೆ. ಅದು ಸಿಗದಿದ್ದರೆ ಕಷ್ಟವಿತ್ತು. ಎಲ್ಲ ಸೇರಿಹೋದ ಜೆಪೆಗ್‌ನಲ್ಲಿ ಅಪ್ಪನ ಮೇಲೆ ಮಾತ್ರ ಕೆಲಸ ಮಾಡಲು ಮತ್ತೆ ಮೊದಲಿಂದ ಕತ್ತರಿಸಬೇಕು.

ನಾಯ್ಸ್ ಎಷ್ಟಿದೆ ಅಂತ ಅಂದಾಜು ಮಾಡಬೇಕಿಲ್ಲ, ಅಳೆಯಬಹುದು. ಫೋಟೋಶಾಪ್‌ನ Histogram ಪ್ಯಾನಲ್ ತೆರೆದು Expanded View ಆರಿಸಿ, Channel ನಲ್ಲಿ Luminosity ಇಡಿ. ಗೆರೆ, ಮಡಿಕೆ ಯಾವುದೂ ಇಲ್ಲದ ಸಮತಟ್ಟಾದ ಸಣ್ಣ ಜಾಗವನ್ನು ಸೆಲೆಕ್ಟ್ ಮಾಡಿ. ಅಲ್ಲಿ Std Dev ಅಂತ ಒಂದು ಅಂಕಿ ಕಾಣುತ್ತದೆ. ಚುಕ್ಕೆಗಳ ಏರಿಳಿತ ಎಷ್ಟು ಅಂತ ಹೇಳುವುದು ಅದೇ. ಪ್ಯಾನಲ್‌ನ ಮೂಲೆಯಲ್ಲಿ ಎಚ್ಚರಿಕೆಯ ತ್ರಿಕೋನ ಇದ್ದರೆ ಅದನ್ನು ಒತ್ತಿದ ಮೇಲೇ ಅಂಕಿ ಓದಿ. ಇಲ್ಲದಿದ್ದರೆ ಕುಗ್ಗಿಸಿದ ಪ್ರತಿಯ ಲೆಕ್ಕ ತೋರಿಸುತ್ತದೆ, ಅಂಕಿ ಕಡಿಮೆ ಬರುತ್ತದೆ. ನಮ್ಮ ಫೋಟೋದಲ್ಲಿ ಅಳಿಯನ ಕಪ್ಪು ಕೋಟಿನ ಮೇಲೆ 8, ಮಧ್ಯಮ ಬೆಳಕಿನ ಪರದೆ ಮೇಲೆ 7, ಬೆಳ್ಳನೆಯ ಗೋಡೆ ಮೇಲೆ 3 ಬಂತು. ಮೊದಲ ಪ್ರತಿಯಲ್ಲಿ ಅಪ್ಪನ ಅಂಗಿ, ಕೂದಲು ಎರಡರಲ್ಲೂ 2ಕ್ಕಿಂತ ಕಡಿಮೆ. ಎರಡನೇ ಪ್ರತಿಯಲ್ಲಿ ಅಂಗಿ ಮರಳಿನಂತೆ ಕಂಡದ್ದು ಯಾಕೆ ಅಂತ ಈ ಅಂಕಿಗಳೇ ಹೇಳುತ್ತವೆ. ಬೆಳಕಿನ ಭಾಗಕ್ಕೆ ಬೇಕಾದದ್ದು 3 ಮಾತ್ರ. ಅವರು ಕತ್ತಲೆ, ಬೆಳಕು ನೋಡದೆ ಒಂದೇ ಅಳತೆಯಲ್ಲಿ ಸುರಿದಿದ್ದರು.

ಇಲ್ಲಿ ಇನ್ನೊಂದು ಮೋಸವಿದೆ, ಅನುಭವ ಇರುವವರೂ ಬೀಳುತ್ತಾರೆ. 50% ಬೂದು ಬಣ್ಣದ ಲೇಯರ್ ಮಾಡಿ, ಅದಕ್ಕೆ ನಾಯ್ಸ್ ಹಾಕಿ, Overlay ಮೋಡ್‌ನಲ್ಲಿಡಿ ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. Overlay ಮಧ್ಯಮ ಬಣ್ಣಗಳ ಮೇಲೆ ಪೂರ್ತಿ ಕೆಲಸ ಮಾಡುತ್ತದೆ. ಕಪ್ಪಿನ ಕಡೆಗೂ ಬಿಳಿಯ ಕಡೆಗೂ ಹೋದಂತೆ ಅದರ ಬಲ ಇಳಿಯುತ್ತದೆ. ಫಿಲ್ಮ್ ಸ್ಕ್ಯಾನ್‌ಗೆ ಅದು ಹೊಂದುತ್ತದೆ, ಯಾಕೆಂದರೆ ಫಿಲ್ಮ್ ಗ್ರೇನ್ ಎದ್ದು ಕಾಣುವುದೇ ಮಧ್ಯಮ ಛಾಯೆಯಲ್ಲಿ. ಆದರೆ ಐಎಸ್‌ಒ ಏರಿಸಿ ತೆಗೆದ ಡಿಜಿಟಲ್ ಫೋಟೋದಲ್ಲಿ ಕತ್ತಲ ಭಾಗದಲ್ಲೇ ನಾಯ್ಸ್ ಜಾಸ್ತಿ. ಅಲ್ಲಿ Overlay ಬಳಸಿದರೆ ಅಪ್ಪನ ಕಪ್ಪು ಕೂದಲು ನುಣ್ಣಗೇ ಉಳಿಯುತ್ತದೆ. ಹಾಗಾಗಿ ಅದೇ ಬೂದು ಲೇಯರನ್ನು Linear Light ಮೋಡ್‌ಗೆ ಬದಲಾಯಿಸಿದೆ. ಅದು ಕತ್ತಲೆ, ಬೆಳಕು ಎರಡಕ್ಕೂ ಸಮನಾಗಿ ಸೇರಿಸುತ್ತದೆ. ಆಮೇಲೆ Layer Style ಕಿಟಕಿಯ Blend If ನಲ್ಲಿ Underlying Layer ನ ಬಿಳಿ ತುದಿಯನ್ನು Alt ಒತ್ತಿ ಇಬ್ಭಾಗ ಮಾಡಿ ಎಳೆದು, ಅಂಗಿಯ ಮೇಲೆ ಮಾತ್ರ ನಿಧಾನವಾಗಿ ತಗ್ಗಿಸಿದೆ. ಲೇಯರನ್ನು ಅಪ್ಪನ ಲೇಯರ್‌ಗೆ ಕ್ಲಿಪ್ ಮಾಡುವುದನ್ನು ಮರೆಯಬಾರದು. ಮರೆತರೆ ಇಡೀ ಫೋಟೋಗೆ ನಾಯ್ಸ್ ಏರಿ ವ್ಯತ್ಯಾಸ ಹಾಗೇ ಉಳಿಯುತ್ತದೆ.

ಚುಕ್ಕೆಯ ಪ್ರಮಾಣ ಸರಿಯಾದರೆ ಸಾಲದು, ಗಾತ್ರವೂ ಹೊಂದಬೇಕು. Add Noise ಒಂದೊಂದು ಪಿಕ್ಸೆಲ್‌ಗೂ ಬೇರೆ ಬೇರೆ ಚುಕ್ಕೆ ಇಡುತ್ತದೆ. ಕ್ಯಾಮೆರಾದಿಂದ ಬಂದ ಜೆಪೆಗ್‌ನಲ್ಲಿ ಹಾಗಿರುವುದಿಲ್ಲ. ಸೆನ್ಸರ್‌ನ ಪ್ರತಿ ಬಿಂದುವೂ ಒಂದೇ ಬಣ್ಣ ಅಳೆಯುತ್ತದೆ, ಉಳಿದೆರಡನ್ನು ಅಕ್ಕಪಕ್ಕದಿಂದ ಕಟ್ಟಿಕೊಳ್ಳಬೇಕು. ಅದರಿಂದ ಚುಕ್ಕೆಗಳು ಪಕ್ಕದವುಗಳ ಜತೆ ಬೆರೆತು ಸ್ವಲ್ಪ ದಪ್ಪವಾಗಿರುತ್ತವೆ. ಬಣ್ಣದ ಕಲೆಗಳಂತೂ ಇನ್ನೂ ಅಗಲ. ಅದಕ್ಕೇ Gaussian ಆರಿಸಿ, Monochromatic ಟಿಕ್ ತೆಗೆದು ನಾಯ್ಸ್ ಹಾಕಿದ ಮೇಲೆ ಅದೇ ಲೇಯರ್‌ಗೆ 0.6 ಪಿಕ್ಸೆಲ್ Gaussian Blur ಕೊಟ್ಟೆ. ಬ್ಲರ್ ಕೊಟ್ಟರೆ ಅಂಕಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮತ್ತೆ ಅಳೆದು Amount ಏರಿಸಬೇಕು. ಹಾಕಿದ ಫಿಲ್ಟರನ್ನು ಮತ್ತೆ ಬದಲಿಸಲು ಆಗುವ ಹಾಗೆ ಲೇಯರನ್ನು ಮೊದಲೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡರೆ ಈ ಏರಿಳಿತ ಸುಲಭ. ಕೊನೆಗೆ Channels ಪ್ಯಾನಲ್‌ನಲ್ಲಿ ನೀಲಿಯನ್ನು ಮಾತ್ರ ತೆರೆದು 200% ಹಿಗ್ಗಿಸಿ ನೋಡಿ. ಸಾಮಾನ್ಯವಾಗಿ ನೀಲಿಯಲ್ಲೇ ನಾಯ್ಸ್ ಹೆಚ್ಚು, ಅಂಟಿಸಿದ ಅಂಚು ಇದ್ದರೆ ಅಲ್ಲೇ ಬಯಲಾಗುತ್ತದೆ.

ಇದೆಲ್ಲ ಮಾಡಬೇಕಾದ್ದು ಕೊನೆಯಲ್ಲಿ. ಗಾತ್ರ, ಬಣ್ಣ, ಶಾರ್ಪ್ ಎಲ್ಲ ಮುಗಿದ ಮೇಲೆ. ನಾಯ್ಸ್ ಹಾಕಿ ಆಮೇಲೆ ಅಪ್ಪನನ್ನು ಮತ್ತೆ ಕುಗ್ಗಿಸಿದರೆ ಅಳೆದದ್ದೆಲ್ಲ ವ್ಯರ್ಥ.

ಇಷ್ಟಾದರೂ ಒಂದು ಮಿತಿ ಉಳಿಯಿತು. ಮೊಬೈಲ್ ನಾಯ್ಸ್ ಒರೆಸುವಾಗ ಕೆನ್ನೆಯ ರಂಧ್ರ, ಗಡ್ಡದ ಕೂಳೆಗಳನ್ನೂ ಒರೆಸಿದೆ. ಅದನ್ನು ಯಾವ ನಾಯ್ಸ್ ಲೇಯರೂ ವಾಪಸ್ ತರುವುದಿಲ್ಲ. ಮಾರುದೂರದಿಂದ ಅಪ್ಪ ಈಗ ಗುಂಪಿನೊಳಗೇ ನಿಂತಿದ್ದಾರೆ. ಗಾಜಿಗೆ ಮುಖ ತಂದು ನೋಡಿದರೆ ಕೆನ್ನೆ ಇನ್ನೂ ಸ್ವಲ್ಪ ಮೇಣದಂತೆ ಕಾಣುತ್ತದೆ. ನಿಮ್ಮ ಹತ್ತಿರ ಬೇರೆ ಬೇರೆ ಚಿತ್ರಗಳಿದ್ದರೆ ಬ್ಯೂಟಿ ಮೋಡ್‌ನದನ್ನು ಬಿಟ್ಟು, ಮುಖ ದೊಡ್ಡದಾಗಿ ಇರುವ, ಹಳೆಯ ಕ್ಯಾಮೆರಾದ ಫೋಟೋ ಆದರೂ ಸರಿ, ಅದನ್ನೇ ಕೊಡಿ.

ಕೆಲಸ ಕೊಡುವಾಗ ಮೂರು ಮಾತು ಮೊದಲೇ ಒಪ್ಪಿಸಿಕೊಳ್ಳಿ. ಸೇರಿಸಿದವರ ಮುಖ ಮತ್ತು ಪಕ್ಕದವರ ಮುಖ ಎರಡೂ ಬರುವ ಹಾಗೆ 100% ಗಾತ್ರದ ತುಣುಕನ್ನು ಮೇಲ್‌ನಲ್ಲಿ ಕಳಿಸಬೇಕು. ಆ ತುಣುಕನ್ನು ಕೊನೆಯ ಪ್ರಿಂಟ್‌ನ ಅಳತೆಯಲ್ಲೇ, ಅದೇ ಪೇಪರ್ ಮೇಲೆ ಒಂದು ಪಟ್ಟಿ ಪ್ರಿಂಟ್ ಹಾಕಿ ತೋರಿಸಬೇಕು. ಪಿಎಸ್‌ಡಿ ಫೈಲ್ ಕೊಡಬೇಕು. ಇದಕ್ಕೆ ಒಪ್ಪದವರಿಗೆ ಅಡ್ವಾನ್ಸ್ ಕೊಡಬೇಡಿ.