ಸೈಟ್ ರಿಜಿಸ್ಟ್ರೇಷನ್: ಮಾರುವವರೆಲ್ಲರ ಜೊತೆ ನೀವೇ ಮಾತಾಡಿ

ಅಣ್ಣ-ತಮ್ಮ, ಅಕ್ಕ-ತಂಗಿಯರ ಜಂಟಿ ಆಸ್ತಿ ಕೊಳ್ಳುತ್ತಿದ್ದೀರಾ? ಹಾಗಿದ್ದರೆ ಇದನ್ನು ಓದಿ.

ನಾವು ನೋಡಿದ ಸೈಟ್ ತಂದೆಯಿಂದ ಬಂದದ್ದು. ಇಬ್ಬರು ಗಂಡುಮಕ್ಕಳು, ಒಬ್ಬರು ಮದುವೆಯಾದ ಹೆಣ್ಣುಮಗಳು. ಬೆಲೆ 36 ಲಕ್ಷ. ಮಾತುಕತೆಯೆಲ್ಲ ದೊಡ್ಡಣ್ಣನ ಜೊತೆಗೇ ನಡೆಯಿತು. "ಅಕ್ಕ ದಾವಣಗೆರೆಯಲ್ಲಿದ್ದಾರೆ, ಆ ದಿನ ಬಂದು ಸಹಿ ಹಾಕುತ್ತಾರೆ, ಅದೇನು ದೊಡ್ಡ ವಿಷಯ ಅಲ್ಲ" ಎಂದು ಬ್ರೋಕರ್ ಭರವಸೆ ಕೊಟ್ಟರು. ಡಿಡಿ ಪೂರ್ತಿ ದೊಡ್ಡಣ್ಣನ ಹೆಸರಿಗೇ ಇರಲಿ ಎಂದರು.

ನೋಂದಣಿ ಇಲಾಖೆಯ ಆನ್‌ಲೈನ್ ತಾಣವಾದ ಕಾವೇರಿ 2.0ರಲ್ಲಿ ಕ್ರಯಪತ್ರದ ಕರಡು ಹಾಕಿ, ಕಚೇರಿಯ ಒಪ್ಪಿಗೆ ಬಂದ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಕಟ್ಟಿ ಸ್ಲಾಟ್ ತೆಗೆದುಕೊಂಡೆವು. ಆ ದಿನ ಅಣ್ಣ-ತಮ್ಮ ಕಚೇರಿಯ ಹೊರಗೇ ಪತ್ರದ ಪುಟ ಪುಟಕ್ಕೂ ಸಹಿ ಹಾಕಿದರು. ಸಾಕ್ಷಿಗಳಿಬ್ಬರೂ ರಜೆ ಹಾಕಿ ಬಂದಿದ್ದರು. ಅಕ್ಕ ಬರಲಿಲ್ಲ.

ಫೋನ್ ಮಾಡಿದಾಗ ಕಾರಣ ಗೊತ್ತಾಯಿತು. ಅಕ್ಕನಿಗೆ ಒಟ್ಟು ಬೆಲೆ 24 ಲಕ್ಷ ಎಂದು ಹೇಳಿದ್ದರಂತೆ. ತನ್ನ ಪಾಲು 8 ಲಕ್ಷ ಎಂದುಕೊಂಡಿದ್ದ ಅವರಿಗೆ ಕರಡು ವಾಟ್ಸಾಪ್‌ನಲ್ಲಿ ಬಂದದ್ದು ಅವತ್ತು ಬೆಳಿಗ್ಗೆ. ಅದರಲ್ಲಿ 36 ಲಕ್ಷ ಕಂಡಿತು. ಅಂದರೆ 12 ಲಕ್ಷ ಅವರದು. ಅವರ ಸಿಟ್ಟು ನ್ಯಾಯವಾದದ್ದೇ.

ಇತ್ತ ದೊಡ್ಡಣ್ಣ, "ನಾವು ಸಹಿ ಹಾಕಿದೆವಲ್ಲ, ಡಿಡಿ ಕೊಡಿ" ಎಂದು ಜೋರು ಮಾಡಿದರು. ನಾವು ಕೊಡಲಿಲ್ಲ. ಬರೆದುಕೊಟ್ಟವರೆಲ್ಲರೂ ಸಬ್ ರಿಜಿಸ್ಟ್ರಾರ್ ಮುಂದೆ ಒಪ್ಪಿ, ಫೋಟೋ, ಹೆಬ್ಬೆಟ್ಟು ಕೊಡುವವರೆಗೂ ಡಿಡಿ ನಿಮ್ಮ ಬ್ಯಾಗಿನಲ್ಲೇ ಇರಲಿ. ಒಬ್ಬರು ಬಾಕಿ ಇದ್ದರೆ ಅವರ ಪಾಲು ನಿಮಗೆ ಬಂದಿಲ್ಲ ಅಂತಲೇ ಅರ್ಥ.

ಆಮೇಲೆ ಇನ್ನೊಂದು ತಲೆನೋವು. ನೋಂದಣಿಗೆ ಹಾಜರುಪಡಿಸಲು ಕಾನೂನು ಕೊಡುವ 4 ತಿಂಗಳು ಎಣಿಕೆಯಾಗುವುದು ಸ್ಲಾಟ್ ದಿನದಿಂದ ಅಲ್ಲ, ಪತ್ರಕ್ಕೆ ಸಹಿ ಬಿದ್ದ ದಿನದಿಂದ. ಅದು ಮೀರಿದರೆ ಇನ್ನೂ 4 ತಿಂಗಳೊಳಗೆ ಮಾಡಬಹುದು, ಆದರೆ ದಂಡ ನೋಂದಣಿ ಶುಲ್ಕದ 10 ಪಟ್ಟಿನವರೆಗೂ ಹೋಗಬಹುದು. ಹಾಗಾಗಿ ಎಲ್ಲರೂ ಎದುರಿಗೆ ಬಂದು ನಿಲ್ಲುವ ಮೊದಲು ಯಾರೂ ಸಹಿ ಹಾಕುವುದು ಬೇಡ.

ಕೊನೆಗೆ ನಾವೇ ಅಕ್ಕನ ಜೊತೆ ಮಾತಾಡಿದೆವು. 12 ಲಕ್ಷದ ಹಾಗೆ ಮೂರು ಡಿಡಿ, ಅವರವರ ಹೆಸರಿಗೇ. ಡಿಡಿ ನಂಬರ್ ಪತ್ರದೊಳಗೆ ಇರುತ್ತದಲ್ಲ, ಹಾಗಾಗಿ ಕರಡು ತಿದ್ದಿ ಮತ್ತೆ ಕಚೇರಿಯ ಒಪ್ಪಿಗೆಗೆ ಕಾಯಬೇಕಾಯಿತು. ಒಬ್ಬ ಸಾಕ್ಷಿಗೆ ಎರಡನೇ ಸಲ ರಜೆ ಸಿಗಲಿಲ್ಲ. ಅರ್ಜಿಯಲ್ಲಿ ಅವರ ಹೆಸರನ್ನೂ ಬದಲಿಸಬೇಕಾಯಿತು. ಸಾಕ್ಷಿಗೆ ಹತ್ತಿರದಲ್ಲೇ ಇರುವ, ಕರೆದಾಗ ಬರಬಲ್ಲವರನ್ನೇ ಕೇಳಿ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಶುಲ್ಕ ಕಟ್ಟುವ ಮೊದಲೇ ಕರಡನ್ನು ಮಾರುವವರಲ್ಲಿ ಪ್ರತಿಯೊಬ್ಬರಿಗೂ ನೀವೇ ಕಳಿಸಿ. ಫೋನ್ ಮಾಡಿ, ಒಟ್ಟು ಬೆಲೆ ಎಷ್ಟು, ನಿಮ್ಮ ಡಿಡಿ ಎಷ್ಟು ಎಂದು ಅವರ ಬಾಯಿಂದಲೇ ಹೇಳಿಸಿ. ಹಾಗೆ ಮಾತಾಡುವುದು ಬೇಡ ಎಂದು ಬ್ರೋಕರ್ ಹೇಳಿದರೆ, ಅವತ್ತೇ ಸ್ಲಾಟ್ ಯೋಚನೆ ನಿಲ್ಲಿಸಿ.