ಎರಡು ತೊಟ್ಟಿ, ನಡುವೆ ಅರ್ಧ ಇಂಚಿನ ಪೈಪು: ಎರಡು ವರ್ಷಗಳ ಬಳಕೆಯ ಅನುಭವ

ಚಿಕ್ಕಮಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಒಂದು ಚದರ ಮೀಟರ್ ತಳದ ಹಳೆಯ ಸಿಮೆಂಟ್ ತೊಟ್ಟಿಯಿತ್ತು. ನೀರು ಸಾಲದೆಂದು ಅದರ ಪಕ್ಕದಲ್ಲಿ, ತಳ ಅದೇ ಮಟ್ಟಕ್ಕೆ ಬರುವಂತೆ, ಸುಮಾರು ಅರ್ಧ ಚದರ ಮೀಟರ್ ತಳದ ಪ್ಲಾಸ್ಟಿಕ್ ಟ್ಯಾಂಕನ್ನು ಇರಿಸಿ ಎರಡನ್ನೂ ತಳದ ಹತ್ತಿರ ಪೈಪಿನಿಂದ ಸೇರಿಸಿದೆವು. ಖರ್ಚು ಉಳಿಸಲು ಮೂರು ಮೀಟರ್ ಉದ್ದದ ಅರ್ಧ ಇಂಚಿನ ಪೈಪು ಸಾಕೆಂದವನು ನಾನೇ.

ಮೊದಲ ದಿನ ಸಿಮೆಂಟ್ ತೊಟ್ಟಿಯಲ್ಲಿ 90 ಸೆಂ.ಮೀ. ನೀರಿತ್ತು, ಹೊಸದು ಖಾಲಿ. ಇಷ್ಟು ನೀರು ಒಂದೂವರೆ ಚದರ ಮೀಟರಿಗೆ ಹರಡಿದರೆ ಎರಡರಲ್ಲೂ 60 ಸೆಂ.ಮೀ. ನಿಲ್ಲಬೇಕು. 90 ಮತ್ತು ಸೊನ್ನೆಯ ನಡುವಿನ 45 ಅಲ್ಲ, ಏಕೆಂದರೆ ದೊಡ್ಡ ತೊಟ್ಟಿ ಒಂದು ಸೆಂ.ಮೀ. ಇಳಿದರೆ ಚಿಕ್ಕದು ಎರಡು ಏರುತ್ತದೆ. ಕಾಫಿ ಲೋಟ ಕೈಯಲ್ಲಿ ಹಿಡಿದು, ಗುರುತು ಹಾಕಿದ ಬಿದಿರಿನ ಕೋಲನ್ನು ಒಂದಾದ ಮೇಲೊಂದರಂತೆ ಎರಡು ತೊಟ್ಟಿಗಳಿಗೂ ಇಳಿಸಿ, ಒದ್ದೆಯಾದ ಗೆರೆಯನ್ನು ನೋಡುವುದು ಅಂದಿನಿಂದ ನನ್ನ ಬೆಳಗಿನ ಅಭ್ಯಾಸವಾಯಿತು.

ಇಪ್ಪತ್ತು ನಿಮಿಷಕ್ಕೆ ಹಳೆಯದರಲ್ಲಿ ಸುಮಾರು 67, ಹೊಸದರಲ್ಲಿ 45 ಸೆಂ.ಮೀ. ಇತ್ತು, ಅಂದರೆ ಅಂತರದ ಮುಕ್ಕಾಲು ಪಾಲು ಮುಗಿದಿತ್ತು. ಇನ್ನು ಐದಾರು ನಿಮಿಷ ಎಂದುಕೊಂಡೆ. ಉಳಿದ ಕಾಲು ಪಾಲಿಗೆ ಮತ್ತೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚೇ ಹಿಡಿಯಿತು. ನೀರನ್ನು ತಳ್ಳುವುದು ಮಟ್ಟಗಳ ಅಂತರವೇ ಆದ್ದರಿಂದ ಅದು ಕಾಲು ಭಾಗಕ್ಕೆ ಇಳಿದಾಗ ಹರಿವು ಅರ್ಧಕ್ಕಿಳಿಯುತ್ತದೆ. ಕೊನೆಕೊನೆಗೆ ಪೈಪಿನ ಒಳಗೋಡೆಯ ತಡೆಯೂ ಮೇಲುಗೈ ಪಡೆಯುತ್ತದೆ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಮೋಟಾರು ಹಳೆಯ ತೊಟ್ಟಿಗೆ ನಿಮಿಷಕ್ಕೆ ಸುಮಾರು 40 ಲೀಟರ್ ಸುರಿಯುತ್ತದೆ. ಅಂತರ 90 ಸೆಂ.ಮೀ. ಇದ್ದಾಗಲೂ ಈ ಪೈಪು ದಾಟಿಸುವುದು ಹದಿನೈದರಷ್ಟು ಮಾತ್ರ. ಹಾಗಾಗಿ ಹಳೆಯದು ತುಂಬಿ ತಾರಸಿಗೆ ಚೆಲ್ಲುವಾಗ ಹೊಸದರಲ್ಲಿ ಅರ್ಧದಷ್ಟೇ ನೀರಿರುತ್ತಿತ್ತು. ಟ್ಯಾಂಕೇ ಸರಿಯಿಲ್ಲವೆಂದು ತಿಂಗಳುಗಟ್ಟಲೆ ಬೈದೆ. ತಪ್ಪು ನಾನು ಆರಿಸಿದ ಪೈಪಿನದು.

ಕಳೆದ ವರ್ಷ ಅದೇ ಜಾಗಕ್ಕೆ ಒಂದು ಇಂಚಿನ ಪೈಪು ಹಾಕಿಸಿದೆ, ಗಾಳಿ ಕೂತು ಹರಿವು ನಿಲ್ಲದಂತೆ ನಡುವೆ ಎಲ್ಲಿಯೂ ಮೇಲಕ್ಕೆ ಡೊಂಕಾಗದ ಹಾಗೆ. ಮೊದಲ ದಿನದ ಪರೀಕ್ಷೆಯನ್ನೇ ಮತ್ತೆ ಮಾಡಿದಾಗ ಮಟ್ಟ ನಿಂತದ್ದು ಅದೇ 60ಕ್ಕೆ, ಹಿಡಿದ ಸಮಯ ಮಾತ್ರ ಹದಿಮೂರು ನಿಮಿಷ. ಈಗ ಮೋಟಾರು ಓಡುವಾಗ ಹೊಸ ಟ್ಯಾಂಕು ಏಳೆಂಟು ಸೆಂ.ಮೀ. ಹಿಂದಿರುತ್ತದೆ, ಮೋಟಾರು ನಿಂತ ಸ್ವಲ್ಪ ಹೊತ್ತಿನಲ್ಲಿ ಹಳೆಯದು ಎರಡು ಸೆಂ.ಮೀ.ಯಷ್ಟು ಇಳಿದು ಎರಡೂ ಸಮನಾಗುತ್ತವೆ. ಆ ಎರಡು ಸೆಂ.ಮೀ. ಕೊರತೆಗೆ ನನ್ನ ತಕರಾರಿಲ್ಲ.